ದಿನಾ 48 ಕಿ.ಮೀ. ಓಡಾಟ: ಎಲೆಕ್ಟ್ರಿಕ್ ಸ್ಕೂಟರಿಗೆ ಕಿಲೋಮೀಟರಿಗೆ ನಿಜವಾಗಿಯೂ 15 ಪೈಸೆ ಸಾಕಾ?

ಕಪಿಲಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಮೈಸೂರಿನ ಕುವೆಂಪುನಗರದಲ್ಲಿ, ಕೆಲಸ ನಂಜನಗೂಡಿನಲ್ಲಿ. ಹೋಗಿ ಬರೋದಕ್ಕೆ ದಿನಕ್ಕೆ 48 ಕಿ.ಮೀ., ತಿಂಗಳಿಗೆ ಹೆಚ್ಚೂಕಡಿಮೆ 1,250 ಕಿ.ಮೀ. ಆಗುತ್ತೆ. ಈಗಿರೋದು ಏಳು ವರ್ಷದ ಪೆಟ್ರೋಲ್ ಸ್ಕೂಟರ್. ಬದಲಾಯಿಸೋಣ ಅಂತ ಷೋರೂಮಿಗೆ ಹೋಗಿದ್ದೆ. ಅಲ್ಲಿನ ಹುಡುಗ ಒಂದು ಚೀಟಿ ಮೇಲೆ ಹೀಗೆ ಬರೆದುಕೊಟ್ಟ:

ಪೆಟ್ರೋಲ್ ಲೀಟರಿಗೆ ₹103, ಮೈಲೇಜ್ 45. ಅಂದರೆ ಕಿ.ಮೀ.ಗೆ ₹2.29.
ಬ್ಯಾಟರಿ 3 ಯೂನಿಟ್, ಒಂದು ಚಾರ್ಜಿಗೆ 120 ಕಿ.ಮೀ., ಯೂನಿಟ್ಟಿಗೆ ₹6. ಅಂದರೆ 18 ರೂಪಾಯಿಗೆ 120 ಕಿ.ಮೀ., ಕಿ.ಮೀ.ಗೆ 15 ಪೈಸೆ.

ಗುಣಾಕಾರ ಭಾಗಾಕಾರದಲ್ಲಿ ತಪ್ಪಿಲ್ಲ, ನಾನೂ ಮಾಡಿ ನೋಡಿದೆ. ಆದರೆ 15 ಪಟ್ಟು ವ್ಯತ್ಯಾಸ ಅಂದರೆ ಮನಸ್ಸು ಒಪ್ಪುತ್ತಿಲ್ಲ. ಓಡಿಸಿ ನೋಡಿದವರು ದಯವಿಟ್ಟು ಹೇಳಿ. ಇನ್ನೊಂದು ವಿಷಯ, ನಮ್ಮ ಮನೆಗೆ ಗೃಹಜ್ಯೋತಿ ಇದೆ. ಹಾಗಿದ್ದರೆ ಲೆಕ್ಕ ಬದಲಾಗುತ್ತಾ?

ಸೋಮು_ಚಾಮರಾಜನಗರ

ಅಕ್ಕ, ಗೃಹಜ್ಯೋತಿ ಇದ್ದರೆ ಇನ್ನೇನು ಲೆಕ್ಕ? ಕರೆಂಟ್ ಫ್ರೀ, ಕಿ.ಮೀ.ಗೆ ಸೊನ್ನೆ. ನಮ್ಮ ಬಾವನ ಮನೇಲಿ ವರ್ಷದಿಂದ ಹಂಗೇ ಓಡಿಸ್ತಾವ್ರೆ, ಒಂದು ರೂಪಾಯಿ ಬಿಲ್ ಬಂದಿಲ್ಲ. ಕಣ್ಣು ಮುಚ್ಕೊಂಡು ತಗೊಳ್ಳಿ.

ಲೆಕ್ಕದ_ರಂಗನಾಥ

ಷೋರೂಮಿನವರು ಯೂನಿಟ್ಟಿಗೆ ₹6 ಹಿಡಿದಿರುವುದೇ ತಪ್ಪು. ನಮ್ಮದು ಗೃಹಜ್ಯೋತಿ ಇಲ್ಲದ ಮನೆ. ಹೋದ ತಿಂಗಳು 160 ಯೂನಿಟ್ಟಿಗೆ ₹1,360 ಕಟ್ಟಿದ್ದೇನೆ. ಭಾಗಿಸಿದರೆ ಯೂನಿಟ್ಟಿಗೆ ₹8.50 ಬೀಳುತ್ತದೆ. ಅದೂ ಅಲ್ಲದೆ ಜಾಸ್ತಿ ಉರಿಸಿದಷ್ಟೂ ಮೇಲಿನ ಸ್ಲ್ಯಾಬಿಗೆ ಹೋಗುತ್ತೀರಿ, ದರ ಇನ್ನೂ ಏರುತ್ತದೆ. ಕಂಪನಿ ಹೇಳುವ 120 ಕಿ.ಮೀ. ಕೂಡ ರಸ್ತೆಯಲ್ಲಿ ಬರುವುದಿಲ್ಲ, 90 ಅಂತ ಇಟ್ಟುಕೊಳ್ಳಿ. 3 ಯೂನಿಟ್ × ₹8.50 ÷ 90 ಮಾಡಿದರೆ 28 ಪೈಸೆ. ಇಷ್ಟಕ್ಕೇ ಮುಗಿಯಲಿಲ್ಲ, ಬ್ಯಾಟರಿ ಬದಲಾಯಿಸುವ ಖರ್ಚನ್ನೂ ಸೇರಿಸಬೇಕು. ಅದನ್ನು ಆಮೇಲೆ ಬರೆಯುತ್ತೇನೆ.

ತಂತಿಕಂಬ

ನಾನು ವಿದ್ಯುತ್ ಇಲಾಖೆಯಲ್ಲಿ ಮೀಟರ್ ಟೆಸ್ಟಿಂಗ್ ಕೆಲಸ ಮಾಡಿ ನಿವೃತ್ತನಾದವನು. ಮೂರು ವರ್ಷದಿಂದ ಎಲೆಕ್ಟ್ರಿಕ್ ಸ್ಕೂಟರ್ ಓಡಿಸುತ್ತಿದ್ದೇನೆ, 41,000 ಕಿ.ಮೀ. ದಾಟಿದೆ.

ಮೇಡಂ, ಚೀಟಿಯಲ್ಲಿರುವ ಮೂರು ಅಂಕಿಯಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು ಇರುವುದು "3 ಯೂನಿಟ್" ಅನ್ನುವುದರಲ್ಲಿ. ಅದು ಬ್ಯಾಟರಿಯೊಳಗೆ ಹಿಡಿಯುವ ಕರೆಂಟು. ನೀವು ದುಡ್ಡು ಕೊಡುವುದು ಗೋಡೆಯ ಪ್ಲಗ್ಗಿನಿಂದ ಹೊರಟ ಕರೆಂಟಿಗೆ. ಚಾರ್ಜರ್ ಎಸಿಯನ್ನು ಡಿಸಿ ಮಾಡುವಾಗ ಬಿಸಿಯಾಗುತ್ತದಲ್ಲ, ಆ ಬಿಸಿಗೂ ಮೀಟರ್ ತಿರುಗುತ್ತದೆ. ಬ್ಯಾಟರಿ ತುಂಬುವಾಗಲೂ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. 100ಕ್ಕೆ ತಲುಪಿದ ಮೇಲೂ ಪ್ಲಗ್ಗಿನಲ್ಲೇ ಬಿಟ್ಟರೆ ಅಷ್ಟಿಷ್ಟು ಎಳೆಯುತ್ತಲೇ ಇರುತ್ತದೆ.

ನಾನು ಪ್ಲಗ್ಗಿಗೂ ಚಾರ್ಜರಿಗೂ ನಡುವೆ ಯೂನಿಟ್ ತೋರಿಸುವ ಸಣ್ಣ ಮೀಟರ್ ಹಾಕಿ ಅಳೆದಿದ್ದೇನೆ. ಸೋಮವಾರ ಬೆಳಿಗ್ಗೆ ಪೂರ್ತಿ 100 ತುಂಬಿಸಿ ಓಡೋಮೀಟರ್ ಬರೆದುಕೊಂಡೆ, ಸಣ್ಣ ಮೀಟರನ್ನು ಸೊನ್ನೆ ಮಾಡಿದೆ. ವಾರವಿಡೀ ಎಂದಿನ ಹಾಗೆ ಓಡಿಸಿ, ಮುಂದಿನ ಸೋಮವಾರ ಮತ್ತೆ 100 ತುಂಬಿಸಿ ಎರಡನ್ನೂ ನೋಡಿದೆ. 312 ಕಿ.ಮೀ., 11.2 ಯೂನಿಟ್. ಕಿ.ಮೀ.ಗೆ 0.036 ಯೂನಿಟ್ ಆಯಿತು, ಅಂದರೆ 36 ವ್ಯಾಟ್-ಅವರ್. ಅದೇ ವಾರ ಗಾಡಿಯ ಡಿಸ್‌ಪ್ಲೇ ಸರಾಸರಿ 30 ಅಂತ ತೋರಿಸುತ್ತಿತ್ತು. ಗಾಡಿ ಸುಳ್ಳು ಹೇಳುತ್ತಿಲ್ಲ, ಬ್ಯಾಟರಿಯಿಂದ ಮೋಟರಿಗೆ ಹೋದದ್ದನ್ನು ಹೇಳುತ್ತಿದೆ. ಉಳಿದ 6 ದಾರಿಯಲ್ಲೇ ಹೋದದ್ದು.

100ರಿಂದ 100ರವರೆಗೇ ಅಳೆಯಬೇಕು ಅನ್ನುವುದಕ್ಕೆ ಕಾರಣ ಇದೆ. 70ರಿಂದ 40ಕ್ಕೆ ಇಳಿದದ್ದನ್ನು ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಶೇಕಡಾವಾರು ಅನ್ನುವುದು ಗಾಡಿಯ ಅಂದಾಜು, ಮೇಲೆ ನಿಧಾನವಾಗಿ, ಕೆಳಗೆ ಬೇಗ ಇಳಿಯುವ ಗಾಡಿಗಳಿವೆ.

ರಂಗನಾಥ್ ಅವರೇ, 120 ಅಲ್ಲ 90 ಅಂದಿರಿ, ಅದು ಸರಿ. ದರದ ವಿಷಯದಲ್ಲಿ ಎರಡು ಕಡೆ ಜಾರಿದ್ದೀರಿ. ಒಂದು, ಕರ್ನಾಟಕದಲ್ಲಿ ಮನೆಗಳಿಗೆ ಸ್ಲ್ಯಾಬ್ ಈಗ ಇಲ್ಲ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್ಟಿಗೂ ಒಂದೇ ದರ, ಆಗ ₹5.90 ಇತ್ತು, 2025ರ ಏಪ್ರಿಲ್‌ನಿಂದ ₹5.80. 2025-26ರಲ್ಲಿ ಅದರ ಮೇಲೆ ಪಿಂಚಣಿ ಸರ್‌ಚಾರ್ಜ್ 36 ಪೈಸೆ, ಮತ್ತೆ ಶೇ. 9 ತೆರಿಗೆ. ಹೆಚ್ಚುವರಿ ಒಂದು ಯೂನಿಟ್ ಉರಿಸಿದರೆ ಸುಮಾರು ₹6.70 ಬೀಳುತ್ತದೆ. ಇಂಧನ ಹೊಂದಾಣಿಕೆ ಅಂತ ತಿಂಗಳಿಗೊಮ್ಮೆ ಕೆಲವು ಪೈಸೆ ಆಚೀಚೆ ಆಗಬಹುದು. ಎರಡು, ನಿಮ್ಮ ₹8.50ರೊಳಗೆ ನಿಗದಿತ ಶುಲ್ಕವೂ ಸೇರಿಕೊಂಡಿದೆ. 2 ಕಿಲೋವ್ಯಾಟ್ ಸಂಪರ್ಕಕ್ಕೆ ಬರುವ ಆ ₹290 ಸ್ಕೂಟರ್ ಇದ್ದರೂ ಇಲ್ಲದಿದ್ದರೂ ನೀವು ಕಟ್ಟುತ್ತೀರಿ. ಅದನ್ನು ಸ್ಕೂಟರಿನ ತಲೆ ಮೇಲೆ ಹಾಕಬಾರದು.

ಹಾಗಾಗಿ ಗೃಹಜ್ಯೋತಿ ಇಲ್ಲದ ಮನೆಗೆ 0.036 × 6.70, ಅಂದರೆ ಕಿ.ಮೀ.ಗೆ 24 ಪೈಸೆ.

ಲೆಕ್ಕದ_ರಂಗನಾಥ

ಸ್ಲ್ಯಾಬ್ ತೆಗೆದದ್ದು ಗಮನಕ್ಕೆ ಬಂದಿರಲಿಲ್ಲ. ಮೊದಲು 100 ಯೂನಿಟ್ ದಾಟಿದರೆ ಎಲ್ಲ ಯೂನಿಟ್ಟಿಗೂ ₹7 ಇತ್ತು, ಅದೇ ನೆನಪಿನಲ್ಲಿ ಬರೆದೆ. ನಿಗದಿತ ಶುಲ್ಕದ ಮಾತೂ ಒಪ್ಪಿದೆ. ಬ್ಯಾಟರಿಯ ಮಾತು ಬಿಡುವುದಿಲ್ಲ.

ಹಾಸನದ_ಹುಡುಗ

ಸರ್, ನನ್ನದೂ ಇದೇ ಸಮಸ್ಯೆ. ಹೊಸ ಗಾಡಿ, ಆರು ತಿಂಗಳಾಯ್ತು. ಊರೊಳಗೆ ಓಡಿಸಿದರೆ 105 ಕಿ.ಮೀ. ಬರುತ್ತೆ, ಬೈಪಾಸಿನಲ್ಲಿ ಅತ್ತೆ ಮನೆಗೆ ಹೋದರೆ 75ಕ್ಕೇ ಖಾಲಿ. ಬ್ಯಾಟರಿ ಹಾಳಾಗಿದೆಯಾ? ಸರ್ವಿಸ್ ಸೆಂಟರಿನಲ್ಲಿ ಎಲ್ಲ ಸರಿ ಇದೆ ಅಂತ ವಾಪಸ್ ಕಳಿಸಿದರು.

ಕಪಿಲಾತೀರ

ನಾನು ಕೇಳಿದ್ದು ಖರ್ಚಿನ ಬಗ್ಗೆ, ಆದರೂ ಇದು ನನಗೂ ಬೇಕಾದ ವಿಷಯವೇ. ನನ್ನ ದಾರಿ ಪೂರ್ತಿ ಹೈವೇ. ಕಡಕೊಳದ ಹತ್ತಿರ ಬಿಟ್ಟರೆ ನಿಲ್ಲಿಸೋ ಪ್ರಮೇಯವೇ ಬರಲ್ಲ.

ತಂತಿಕಂಬ

ತಮ್ಮಾ, ಬ್ಯಾಟರಿ ಹಾಳಾಗಿದ್ದರೆ ಊರೊಳಗೂ ಕಡಿಮೆ ಬರುತ್ತಿತ್ತು. ನಿಮ್ಮ ಡಿಸ್‌ಪ್ಲೇಯಲ್ಲಿ ಕಿ.ಮೀ.ಗೆ ಎಷ್ಟು ವ್ಯಾಟ್-ಅವರ್ ಅಂತ ತೋರಿಸುತ್ತದಲ್ಲ, ಎರಡೂ ಕಡೆಯದ್ದನ್ನು ನೋಡಿ ಹೇಳಿ.

ಹಾಸನದ_ಹುಡುಗ

ನೋಡಿದೆ ಸರ್. ಊರೊಳಗೆ 40ರ ವೇಗದಲ್ಲಿ 28 ಇದೆ. ಬೈಪಾಸಿನಲ್ಲಿ 65ರಲ್ಲಿ ಹೋದರೆ 39.

ತಂತಿಕಂಬ

ಅಲ್ಲೇ ಉತ್ತರ ಇದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 40ರಿಂದ 65ಕ್ಕೆ ಹೋದರೆ ಗಾಳಿಯನ್ನು ಸೀಳುವುದಕ್ಕೇ ಕಿ.ಮೀ.ಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಟೈರಿನ ಉಜ್ಜಾಟದಂಥ ಬೇರೆ ಖರ್ಚು ಅಷ್ಟು ಏರದೆ ಇರುವುದರಿಂದ ಒಟ್ಟು ಲೆಕ್ಕ 28ರಿಂದ 39ಕ್ಕೆ ನಿಂತಿದೆ. ನಿಮ್ಮ ಬ್ಯಾಟರಿ ಚೆನ್ನಾಗಿದೆ.

ಮೇಡಂ, ಇಲ್ಲಿ ಜನ ಗಮನಿಸದ ಒಂದು ಸಂಗತಿ ಇದೆ. ಪೆಟ್ರೋಲ್ ಗಾಡಿ ಊರೊಳಗಿನ ಟ್ರಾಫಿಕ್ಕಿನಲ್ಲಿ ಹೆಚ್ಚು ಕುಡಿಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗಲೂ ಉರಿಯುತ್ತಿರುತ್ತದೆ. ಎಲೆಕ್ಟ್ರಿಕ್ ಗಾಡಿಯ ಮೋಟರು ನಿಂತಾಗ ಏನೂ ಎಳೆಯುವುದಿಲ್ಲ, ವೇಗ ತಗ್ಗಿಸುವಾಗ ಸ್ವಲ್ಪ ಕರೆಂಟು ಬ್ಯಾಟರಿಗೆ ವಾಪಸೂ ಹೋಗುತ್ತದೆ. ಅದು ಹೆಚ್ಚು ತಿನ್ನುವುದು ಹೈವೇಯಲ್ಲಿ. ಎರಡು ಗಾಡಿಗಳ ಖರ್ಚಿನ ವ್ಯತ್ಯಾಸ ಊರೊಳಗೆ ಅತಿ ಹೆಚ್ಚು, ನಿಮ್ಮಂಥ ದಾರಿಯಲ್ಲಿ ಸ್ವಲ್ಪ ಕಡಿಮೆ. ನಿಮ್ಮ ಪೆಟ್ರೋಲ್ ಗಾಡಿಯ 45 ಅನ್ನುವುದು ಕಂಪನಿಯ ಮಾತೋ, ನೀವೇ ಅಳೆದದ್ದೋ?

ಕಪಿಲಾತೀರ

ನಾನೇ ಅಳೆದದ್ದು ಸರ್. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, 231 ಕಿ.ಮೀ. ಓಡಿಸಿ ಮತ್ತೆ ಫುಲ್ ಮಾಡಿಸಿದೆ. 5.1 ಲೀಟರ್ ಹಿಡಿಯಿತು. ಹಾಗಾಗಿ 45 ನಿಜ, ಅದೂ ಇದೇ ನಂಜನಗೂಡು ದಾರಿಯಲ್ಲಿ.

ತಂತಿಕಂಬ

ಒಳ್ಳೆಯದು. ಹಾಗಿದ್ದರೆ ₹2.29 ಗಟ್ಟಿ. ನನ್ನ 36 ಅನ್ನುವುದು ಅರ್ಧ ಊರು, ಅರ್ಧ ಹೈವೇ ಸೇರಿದ ಅಂಕಿ. ನೀವು 50ರ ಆಸುಪಾಸು ಹೋದರೆ ಅಷ್ಟೇ ಬರುತ್ತದೆ, 65ರಲ್ಲೇ ಹೋಗುತ್ತೀರಾದರೆ ಪ್ಲಗ್ಗಿನಲ್ಲಿ 45ರ ಹತ್ತಿರ ಇಟ್ಟುಕೊಳ್ಳಿ. ಆಗ 24 ಪೈಸೆ 30 ಆಗುತ್ತದೆ. ₹2.29ರ ಮುಂದೆ ಎರಡೂ ಸಣ್ಣವೇ.

ಈಗ ಗೃಹಜ್ಯೋತಿ. ಸೋಮು ಅವರೇ, ನಿಮ್ಮ ಬಾವನ ಮನೆಯಲ್ಲಿ ಬಿಲ್ ಬಂದಿಲ್ಲ ಅನ್ನುವುದನ್ನು ನಂಬುತ್ತೇನೆ, ಆದರೆ ಎಲ್ಲ ಮನೆಗೂ ಅದು ಹೊಂದುವುದಿಲ್ಲ. ಒಂದೊಂದು ಮನೆಗೂ ಒಂದೊಂದು ಮಿತಿ ಇದೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಆ ಮಿತಿ ಕಟ್ಟುತ್ತಾರೆ. ಆ ಮಿತಿ ದಾಟಿ 200ರೊಳಗಿದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಮೇಡಂ, ನಿಮ್ಮ ಮಿತಿ ಎಷ್ಟು, ಈಗ ಉರಿಯುವುದೆಷ್ಟು ಹೇಳಿ. ಅದಿಲ್ಲದೆ ನಿಮ್ಮ ಮನೆಗೆ ಕಿ.ಮೀ.ಗೆ ಎಷ್ಟು ಅಂತ ಯಾರೂ ಹೇಳಲಾರರು.

ಕಪಿಲಾತೀರ

ಹಳೇ ಬಿಲ್ಲುಗಳನ್ನೆಲ್ಲ ಹುಡುಕಿ ತೆಗೆದೆ. ನಮ್ಮ ಮಿತಿ 130 ಇದೆ. ಸಾಧಾರಣ ತಿಂಗಳಲ್ಲಿ 125 ಬರುತ್ತೆ, ಬಿಲ್ ಸೊನ್ನೆ. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಫ್ಯಾನು, ಕೂಲರ್, ಮಕ್ಕಳಿಗೆ ರಜೆ, ಎಲ್ಲಾ ಸೇರಿ 165 ಮುಟ್ಟುತ್ತೆ. ಆಗ ಮೇಲಿನ 35 ಯೂನಿಟ್ಟಿಗೆ ಕಟ್ಟಿದ್ದೀವಿ.

ತಂತಿಕಂಬ

ಸರಿ. ನಿಮ್ಮ 1,250 ಕಿ.ಮೀ.ಗೆ 0.036 ಗುಣಿಸಿದರೆ 45 ಯೂನಿಟ್. ಸ್ಕೂಟರ್ ಬಂದ ಮೇಲೆ ತಿಂಗಳಿಗೆ ಇಷ್ಟು ಸೇರುತ್ತದೆ.

ಸಾಧಾರಣ ತಿಂಗಳು 125ಕ್ಕೆ 45 ಸೇರಿ 170. ಮಿತಿಯಲ್ಲಿ ಉಳಿದಿದ್ದ 5 ಯೂನಿಟ್ ಉಚಿತ, ಉಳಿದ 40ಕ್ಕೆ ₹268. ಕಿ.ಮೀ.ಗೆ 21 ಪೈಸೆ.

ಬೇಸಿಗೆ ತಿಂಗಳು 165ಕ್ಕೆ 45 ಸೇರಿ 210. ಇಲ್ಲಿ 200 ದಾಟಿತು. 210 ಯೂನಿಟ್ಟಿಗೂ ₹1,407 ಕಟ್ಟಬೇಕು. ಸ್ಕೂಟರ್ ಇಲ್ಲದಿದ್ದರೆ ನೀವು ಕಟ್ಟುತ್ತಿದ್ದದ್ದು 35 ಯೂನಿಟ್ಟಿಗೆ ₹235. ಹಾಗಾಗಿ ಆ ತಿಂಗಳು ಸ್ಕೂಟರಿನ ದೆಸೆಯಿಂದ ಬಂದ ಖರ್ಚು ₹1,172, ಕಿ.ಮೀ.ಗೆ 94 ಪೈಸೆ. ನಿಗದಿತ ಶುಲ್ಕದ ₹290 ಕೂಡ ಮೇಲೆ ಬಿದ್ದರೆ ₹1.17. ಒಂದೇ ಗಾಡಿ, ಒಂದೇ ದಾರಿ, ಒಂದೇ ಮನೆ, ಆದರೂ ತಿಂಗಳು ಬದಲಾದರೆ ಐದು ಪಟ್ಟು. ಷೋರೂಮಿನ ಚೀಟಿಯಲ್ಲಿ ಈ ಲೆಕ್ಕ ಬರಲು ಸಾಧ್ಯವೇ ಇಲ್ಲ.

ಆದರೆ ಅತಿ ಕೆಟ್ಟ ತಿಂಗಳಿನ ₹1.17 ಕೂಡ ಪೆಟ್ರೋಲಿನ ₹2.29ರ ಅರ್ಧದಷ್ಟೇ, ಅದನ್ನೂ ನೋಡಿ.

ಸೋಮು_ಚಾಮರಾಜನಗರ

ಅಣ್ಣ, ಬಾವನಿಗೆ ಫೋನ್ ಮಾಡಿ ಕೇಳಿದೆ. ಅವರ ಮಿತಿ 160 ಅಂತೆ, ಮಗಳ ಮದುವೆ ಆದ ಮೇಲೆ ಮನೇಲಿ ಇಬ್ಬರೇ, ಉರಿಯೋದೇ 90. ಅದಕ್ಕೇ ಸ್ಕೂಟರ್ ಫ್ರೀಯಾಗಿ ಓಡ್ತಾ ಇರೋದು. ನಾನು ಎಲ್ಲಾರಿಗೂ ಹಂಗೇ ಅನ್ಕೊಂಡಿದ್ದೆ.

ಕಪಿಲಾತೀರ

ಸರ್, ಬೇಸಿಗೆಯಲ್ಲಿ 200 ದಾಟದ ಹಾಗೆ ಏನಾದರೂ ಮಾಡಬಹುದಾ? ನಮ್ಮ ಆಫೀಸಿನಲ್ಲಿ ಇಬ್ಬರು ಗಾಡಿ ಚಾರ್ಜ್ ಮಾಡಿಕೊಳ್ಳುತ್ತಾರೆ, ತಿಂಗಳಿಗಿಷ್ಟು ಅಂತ ಕಟ್ಟುತ್ತಾರೆ.

ತಂತಿಕಂಬ

ನೀವು ಮನೆಯಿಂದ ಆಚೆ ತಳ್ಳಬೇಕಾದ್ದು ಬರೀ 11 ಯೂನಿಟ್. ದಿನದ 48 ಕಿ.ಮೀ.ಗೆ 1.7 ಯೂನಿಟ್ ಬೇಕು. ಏಳು ದಿನ ಆಫೀಸಿನಲ್ಲಿ ತುಂಬಿಸಿಕೊಂಡರೆ ಮನೆಯ ಮೀಟರ್ 199ರ ಕೆಳಗೆ ನಿಲ್ಲುತ್ತದೆ. ಆಗ ಕಟ್ಟುವುದು 69 ಯೂನಿಟ್ಟಿಗೆ ₹462. ಹೊರಗಿನ ಚಾರ್ಜಿಂಗಿಗೆ ಯೂನಿಟ್ಟಿಗೆ ₹15 ಕೊಟ್ಟರೂ ₹165 ಆಗುತ್ತದೆ, ಎರಡೂ ಸೇರಿ ₹627. ₹1,407ರ ಮುಂದೆ ನೋಡಿ.

ಮೀಟರ್ ರೀಡರ್ ಯಾವ ತಾರೀಖಿಗೆ ಬರುತ್ತಾರೆ ಅನ್ನುವುದು ಹಳೇ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಬರುವ ಹತ್ತು ದಿನ ಮುಂಚೆ ಮೀಟರಿನಲ್ಲಿ `kWh` ಅಂತ ಬರುವ ಅಂಕಿ ನೋಡಿ, ಹಿಂದಿನ ಬಿಲ್ಲಿನ ರೀಡಿಂಗ್ ಕಳೆಯಿರಿ. 133ಕ್ಕಿಂತ ಮೇಲಿದ್ದರೆ ಅಲ್ಲಿಂದ ಆಫೀಸಿನಲ್ಲಿ ತುಂಬಿಸಿ. ಮನೆಯಲ್ಲೇ ಆಗಲಿ ಆಫೀಸಿನಲ್ಲೇ ಆಗಲಿ, ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲೇ ನೋಡಿಸಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಗಂಟೆಗಟ್ಟಲೆ ಹಾಕಬೇಡಿ, ಪಿನ್ ಸುಟ್ಟದ್ದನ್ನು ಬಹಳ ಕಂಡಿದ್ದೇನೆ.



ರಾಣೆಬೆನ್ನೂರ_ಅಂಗಡಿ

ನಮ್ಮದು ಬ್ಯಾರೆನ ಐತ್ರಿ. ನಾಕು ವರ್ಷದ ಹಿಂದ ಲೈಸೆನ್ಸ್ ಬೇಡದ ಸಣ್ಣ ಸ್ಕೂಟರ್ ತಗೊಂಡೆ, ಸೀಸದ ಆಸಿಡ್ ಬ್ಯಾಟರಿದ್ದು. ಅಂಗಡಿಗೆ ಸಾಮಾನು ತರಾಕ, ದಿನಾ 20 ಕಿ.ಮೀ. ಕರೆಂಟಿನ ಖರ್ಚು ನೀವು ಹೇಳಿದಷ್ಟ ಬರತೈತ್ರಿ, ಅದಕ್ಕ ತಕರಾರಿಲ್ಲ. ಆದರ ಬ್ಯಾಟರಿ ಎರಡು ವರ್ಷಕ್ಕ ಕೈ ಕೊಟ್ಟು ₹15,000 ಹೋತು. ಅಷ್ಟರಾಗ ಓಡಿದ್ದು 12,000 ಕಿ.ಮೀ. ಕಿಲೋಮೀಟರಿಗೆ ₹1.25 ಬ್ಯಾಟರಿಗೇ ಆತು. ಈಗ ಎರಡನೇ ಸೆಟ್ಟೂ ಇಳಿಯಾಕತ್ತೈತಿ. ಅಕ್ಕಾರ, ಯಾವ ಬ್ಯಾಟರಿ ಅಂತ ಕೇಳಿನ ತಗೋರಿ.

ಲೆಕ್ಕದ_ರಂಗನಾಥ

ನಾನು ಹೇಳಲು ಹೊರಟದ್ದು ಇದನ್ನೇ. ಲಿಥಿಯಂ ಬ್ಯಾಟರಿಗೆ ₹65,000 ಅಂತ ನಮ್ಮ ಊರಿನ ಡೀಲರ್ ಹೇಳಿದ. 60,000 ಕಿ.ಮೀ. ಬಾಳಿಕೆ ಅಂತ ಹಿಡಿದರೂ ಕಿ.ಮೀ.ಗೆ ₹1.08. ಕರೆಂಟಿನ 24 ಪೈಸೆ ಸೇರಿ ₹1.32. ಪೆಟ್ರೋಲ್ ಗಾಡಿಗಿಂತ ಇನ್ನೂ 97 ಪೈಸೆ ಕಡಿಮೆಯೇ, ಒಪ್ಪುತ್ತೇನೆ. ಆದರೆ 15 ಪಟ್ಟು ಎಲ್ಲಿ, ಇದೆಲ್ಲಿ?

ತಂತಿಕಂಬ

ಸೀಸದ ಬ್ಯಾಟರಿಯ ಮಾತು ನೂರಕ್ಕೆ ನೂರು ಸರಿ. ಪೂರ್ತಿ ಇಳಿಸಿ ಇಳಿಸಿ ತುಂಬಿಸಿದರೆ ಅದು ಕೆಲವೇ ನೂರು ಸಲಕ್ಕೆ ಸೋಲುತ್ತದೆ.

ಲಿಥಿಯಂ ವಿಷಯದಲ್ಲಿ ನಿಮ್ಮ ಲೆಕ್ಕವನ್ನು ನಾನು ಪೂರ್ತಿ ಒಪ್ಪಲಾರೆ. ಅದು ಒಂದು ದಿನ ತಟ್ಟನೆ ಸಾಯುವ ವಸ್ತುವಲ್ಲ, ನಿಧಾನವಾಗಿ ಕುಗ್ಗುತ್ತದೆ. ನನ್ನ ಗಾಡಿ ಹೊಸದರಲ್ಲಿ 92 ಕಿ.ಮೀ. ಬರುತ್ತಿತ್ತು, 41,000 ಕಿ.ಮೀ. ಆದ ಮೇಲೆ 83 ಬರುತ್ತದೆ. 70ಕ್ಕೆ ಇಳಿದರೂ ನನ್ನ ಓಡಾಟಕ್ಕೆ ಸಾಕು. ನಾನು ಬದಲಾಯಿಸದೇ ಹೋದರೆ ನಿಮ್ಮ ₹1.08 ಯಾವ ಖಾತೆಗೆ? ದಿನಕ್ಕೆ 80 ಕಿ.ಮೀ. ಓಡುವವನು ಬದಲಾಯಿಸಲೇಬೇಕು, ಅವನಿಗೆ ನಿಮ್ಮ ಲೆಕ್ಕ ಹೊಂದುತ್ತದೆ. ಬ್ಯಾಟರಿ ಸೇರಿಸುವುದಾದರೆ ಪೆಟ್ರೋಲ್ ಗಾಡಿಯ ಆಯಿಲ್, ಬೆಲ್ಟ್, ಪ್ಲಗ್, ಏರ್ ಫಿಲ್ಟರನ್ನೂ ಸೇರಿಸಿ. ನನ್ನ ಹಳೇ ಗಾಡಿಗೆ 10,000 ಕಿ.ಮೀ.ಗೆ ₹4,200 ಹೋಗುತ್ತಿತ್ತು, 42 ಪೈಸೆ. ಇದಕ್ಕೆ ₹1,600, 16 ಪೈಸೆ.

ಲೆಕ್ಕದ_ರಂಗನಾಥ

ನೀವು ಬದಲಾಯಿಸದಿದ್ದರೂ ಮಾರುವಾಗ ಕೊಳ್ಳುವವನು ಬ್ಯಾಟರಿಯ ಬೆಲೆ ಕಳೆದೇ ಕೇಳುತ್ತಾನೆ. ಖರ್ಚು ನಿಮ್ಮದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ತಂತಿಕಂಬ

ಮಾರುವವರಿಗೆ ಆ ಮಾತು ನಿಜ. ನಾನು ಸವೆಯುವವರೆಗೆ ಓಡಿಸುವವನು. ಇದರಲ್ಲಿ ನಾವಿಬ್ಬರೂ ಬೇರೆ ಬೇರೆ ಕಡೆಯೇ ನಿಲ್ಲುತ್ತೇವೆ ಅನ್ನಿಸುತ್ತದೆ.

ಹಾಸನದ_ಹುಡುಗ

ನಮ್ಮ ಅಪ್ಪ ತಿಂಗಳಿಗೆ 300 ಕಿ.ಮೀ. ಓಡಿಸೋದೇ ಹೆಚ್ಚು. ಅವರಿಗೂ ಎಲೆಕ್ಟ್ರಿಕ್ ಕೊಡಿಸೋಣ ಅಂತಿದ್ದೆ. ಪೆಟ್ರೋಲ್ ಗಾಡಿಗಿಂತ ₹25,000 ಜಾಸ್ತಿ ಆಗುತ್ತೆ.

ತಂತಿಕಂಬ

ಕಿ.ಮೀ.ಗೆ ₹2.05 ಉಳಿತಾಯ ಅಂತ ಹಿಡಿದರೆ ₹25,000 ವಾಪಸ್ ಬರಲು 12,200 ಕಿ.ಮೀ. ಓಡಬೇಕು. ಕಪಿಲಾತೀರ ಮೇಡಮ್ಮಿಗೆ ಅದು ಹತ್ತು ತಿಂಗಳು, ನಿಮ್ಮ ತಂದೆಗೆ ಮೂರು ವರ್ಷ ಐದು ತಿಂಗಳು. ಅವರ ಈಗಿನ ಗಾಡಿ ಚೆನ್ನಾಗಿದ್ದರೆ ನಾನಾದರೆ ಮುಟ್ಟುವುದಿಲ್ಲ.

ಕಪಿಲಾತೀರ

ಇವತ್ತು ಮತ್ತೆ ಷೋರೂಮಿಗೆ ಹೋಗಿ, ಒಂದು ದಿನ ಗಾಡಿ ಕೊಡಿ, ನಂಜನಗೂಡಿಗೆ ಹೋಗಿ ಬಂದು ನಮ್ಮ ಮನೆ ಪ್ಲಗ್ಗಿನಲ್ಲೇ ತುಂಬಿಸಿ ನೋಡುತ್ತೇನೆ ಅಂದೆ. ಮೊದಲು ಆಗಲ್ಲ ಅಂದರು, ಆಮೇಲೆ ಶನಿವಾರಕ್ಕೆ ಒಪ್ಪಿದರು. ಯೂನಿಟ್ ತೋರಿಸೋ ಸಣ್ಣ ಮೀಟರ್ ಕೊಂಡುಕೊಂಡಿದ್ದೇನೆ. ಹೋಗುವಾಗ 50ರಲ್ಲಿ, ಬರುವಾಗ 65ರಲ್ಲಿ ಬಂದು ಡಿಸ್‌ಪ್ಲೇಯ ಅಂಕಿ ಎರಡೂ ಬರೆದುಕೊಳ್ಳುತ್ತೇನೆ. ಭಾನುವಾರ ಇಲ್ಲೇ ಹಾಕುತ್ತೇನೆ.

ತಂತಿಕಂಬ

ಅವರು ಕೊಡುವಾಗ 100 ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಮೊದಲು ಮನೆಯಲ್ಲಿ ತುಂಬಿಸಿ, ಆಮೇಲೆ ಹೊರಡಿ.